ಪಟ್ಟಿಯ ಅಳತೆ ಬೇರೆ, ಪಿನ್ನಿನ ಅಳತೆ ಬೇರೆ

ಅಪ್ಪನ ಎಚ್‌ಎಂಟಿ ಗಡಿಯಾರ ಕಳೆದ ಶ್ರಾವಣದಲ್ಲಿ ಅವರ ಕೈಯಿಂದ ಜಾರಿ ಅಂಗಳದ ಕಲ್ಲಿನ ಮೇಲೆ ಬಿತ್ತು. ಹೊಸ ಚರ್ಮದ ಪಟ್ಟಿ ಹಾಕಿಸಿ ಎಂಟು ದಿನವೂ ಆಗಿರಲಿಲ್ಲ. ಹಳೆಯ ಕೀಲಿ ಗಡಿಯಾರಗಳ ಗಾಜು ನಿಜವಾದ ಗಾಜಲ್ಲ, ಅಕ್ರಿಲಿಕ್ ಪ್ಲಾಸ್ಟಿಕ್. ಹಾಗಾಗಿ ಒಡೆಯಲಿಲ್ಲ, ಗೀರು ಬಿತ್ತು ಅಷ್ಟೇ. "ಪಟ್ಟಿ ಹರಿಯಿತು, ಈಗಿನ ಮಾಲು ಅಷ್ಟೇ" ಎಂದು ಅಪ್ಪ ತೀರ್ಪು ಕೊಟ್ಟು ಒಳಗೆ ಹೋದರು.

ಎತ್ತಿ ನೋಡಿದರೆ ಪಟ್ಟಿ ಎಲ್ಲಿಯೂ ಹರಿದಿರಲಿಲ್ಲ. ಹೊಲಿಗೆ ಗಟ್ಟಿಯಾಗಿತ್ತು, ಬಕಲ್ ಸರಿಯಾಗಿತ್ತು. ಪಟ್ಟಿಯನ್ನು ಗಡಿಯಾರಕ್ಕೆ ಹಿಡಿದಿಡುವ ಸಣ್ಣ ಪಿನ್ನಿನ ಒಂದು ತುದಿ ತನ್ನ ತೂತಿನಿಂದ ಹೊರಗೆ ಬಂದಿತ್ತು. ಪಿನ್ ಮುರಿದಿರಲಿಲ್ಲ, ಬಾಗಿರಲಿಲ್ಲ. ಸುಮ್ಮನೆ ಕಳಚಿಕೊಂಡಿತ್ತು.

ನಾನು ಬೆಳಗಾವಿಯ ಉದ್ಯಮಬಾಗಿನ ಒಂದು ಮಶಿನ್ ಶಾಪ್‌ನಲ್ಲಿ ತಪಾಸಣೆಯ ಕೆಲಸ ಮಾಡುತ್ತೇನೆ. ದಿನವಿಡೀ ತೂತುಗಳನ್ನೂ ಅವುಗಳೊಳಗೆ ಕೂರುವ ವಸ್ತುಗಳನ್ನೂ ಅಳೆಯುವುದೇ ನನ್ನ ಹೊಟ್ಟೆಪಾಡು. ಏನಾದರೂ ಕಳಚಿಕೊಂಡರೆ "ಮಾಲು ಕೆಟ್ಟದ್ದು" ಎನ್ನುವ ಮೊದಲು ಅಳೆದು ನೋಡುವುದು ನಮ್ಮ ರೂಢಿ. ಅಂದು ಸಂಜೆ ಅಳೆದಾಗ ಕಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಗಡಿಯಾರದ ಪಟ್ಟಿಯನ್ನು ಮನೆಯಲ್ಲಿಯೇ ಬದಲಿಸಲು ಹೊರಟವರಲ್ಲಿ ಹೆಚ್ಚಿನವರು ಎಡವುವುದು ಇದೇ ಜಾಗದಲ್ಲಿ.

ಗಡಿಯಾರದ ಡಬ್ಬಿಯಿಂದ ಹನ್ನೆರಡರ ಕಡೆಗೆ ಎರಡು, ಆರರ ಕಡೆಗೆ ಎರಡು ಸಣ್ಣ ಕೊಂಬುಗಳು ಚಾಚಿಕೊಂಡಿರುತ್ತವೆ. ಇವುಗಳ ಹೆಸರು ಲಗ್. ಒಂದು ಜೋಡಿ ಲಗ್‌ಗಳ ಒಳಮೈಗಳ ನಡುವಿನ ಅಂತರವೇ ಲಗ್ ಅಗಲ. ಪಟ್ಟಿ ಕೊಳ್ಳುವಾಗ ಬೇಕಾದ ಅಳತೆ ಇದೇ, ಡಬ್ಬಿಯ ಅಗಲವಲ್ಲ, ಮುಖದ ಅಗಲವೂ ಅಲ್ಲ. ಪ್ರತಿ ಲಗ್‌ನ ಒಳಮೈಯಲ್ಲಿ ಸೂಜಿಯ ಮೊನೆಯಷ್ಟು ಒಂದು ಕುಳಿ ಇರುತ್ತದೆ. ಆ ಎರಡು ಕುಳಿಗಳ ನಡುವೆ ಅಡ್ಡಲಾಗಿ ಕೂರುವುದೇ ಸ್ಪ್ರಿಂಗ್ ಬಾರ್. ನಮ್ಮ ಕಡೆ ಅಂಗಡಿಯಲ್ಲಿ "ಬೆಲ್ಟ್ ಪಿನ್ ಕೊಡಿ" ಎಂದರೆ ಇದನ್ನೇ ಕೊಡುತ್ತಾರೆ, ನಾನೂ ಪಿನ್ ಎಂದೇ ಕರೆಯುತ್ತೇನೆ. ನೋಡಲು ಬರಿಯ ಕಡ್ಡಿಯಂತಿದ್ದರೂ ಅದು ಟೊಳ್ಳಾದ ಸಣ್ಣ ಕೊಳವೆ. ಒಳಗೆ ಸ್ಪ್ರಿಂಗ್ ಇದೆ. ಎರಡೂ ತುದಿಗಳು ಒತ್ತಿದರೆ ಒಳಗೆ ಹೋಗುತ್ತವೆ, ಬಿಟ್ಟರೆ ಹೊರಗೆ ಬರುತ್ತವೆ. ತುದಿಯ ಹಿಂದೆಯೇ ಬಳೆಯಂತೆ ಒಂದು ಉಬ್ಬು ಇರುತ್ತದೆ. ಅದನ್ನು ಭುಜ ಎನ್ನೋಣ. ಉಪಕರಣ ಹಿಡಿಯುವುದು ಈ ಭುಜವನ್ನು.

ಮೊದಲು ಅಳತೆ. ನನ್ನ ಬಳಿ ವರ್ನಿಯರ್ ಕ್ಯಾಲಿಪರ್ ಇತ್ತು. ಪಿಯುಸಿಯಲ್ಲಿ ವಿಜ್ಞಾನ ಓದಿದವರೆಲ್ಲ ಒಮ್ಮೆಯಾದರೂ ಇದನ್ನು ಕೈಯಲ್ಲಿ ಹಿಡಿದಿರುತ್ತಾರೆ. ಇದರಲ್ಲಿ ಕೆಳಗಿನ ದೊಡ್ಡ ದವಡೆಗಳು ವಸ್ತುವಿನ ಹೊರ ಅಳತೆಗೆ, ಮೇಲಿನ ಸಣ್ಣ ಚೂಪು ದವಡೆಗಳು ಒಳ ಅಳತೆಗೆ. ಲಗ್ ಅಗಲಕ್ಕೆ ಬೇಕಾದದ್ದು ಸಣ್ಣ ದವಡೆಗಳು. ಹಳೆಯ ಪಟ್ಟಿಯನ್ನು ಮೊದಲು ತೆಗೆದುಬಿಡಿ, ಅದಿರುವಾಗ ಅಳೆಯಲು ಹೋದರೆ ಚರ್ಮ ದವಡೆಗಳಿಗೆ ಅಡ್ಡ ಬರುತ್ತದೆ. ಸಣ್ಣ ದವಡೆಗಳನ್ನು ಲಗ್‌ಗಳ ನಡುವೆ, ಕುಳಿಗಳ ಎತ್ತರದಲ್ಲಿಯೇ ಇಟ್ಟು, ಎರಡೂ ಕಡೆ ಮುಟ್ಟುವವರೆಗೆ ತೆರೆಯಬೇಕು. ಕ್ಯಾಲಿಪರ್ ಸ್ವಲ್ಪ ಓರೆಯಾದರೂ ಅಳತೆ ನಿಜಕ್ಕಿಂತ ಹೆಚ್ಚು ಬರುತ್ತದೆ, ಏಕೆಂದರೆ ಆಗ ನೀವು ನೇರ ದಾರಿಯನ್ನು ಬಿಟ್ಟು ಮೂಲೆಯಿಂದ ಮೂಲೆಗೆ ಅಳೆಯುತ್ತಿರುತ್ತೀರಿ. ಆದ್ದರಿಂದ ಮೂರು ನಾಲ್ಕು ಸಲ ಅಳೆದು ಅತಿ ಕಡಿಮೆ ಬಂದದ್ದನ್ನು ಹಿಡಿಯಿರಿ. ದುಂಡು ತೂತನ್ನು ಅಳೆಯುವಾಗ ಇದಕ್ಕೆ ತಿರುಗುಮುರುಗು, ಅಲ್ಲಿ ಅತಿ ಹೆಚ್ಚು ಬಂದದ್ದು ಸರಿ. ಶಾಪ್‌ಗೆ ಹೊಸದಾಗಿ ಬಂದ ಹುಡುಗರು ಇವೆರಡನ್ನು ಅದಲುಬದಲು ಮಾಡಿಕೊಂಡು ಬೈಸಿಕೊಳ್ಳುತ್ತಾರೆ.

ಅಪ್ಪನ ಗಡಿಯಾರದಲ್ಲಿ ವರ್ನಿಯರ್‌ನ ಸೊನ್ನೆ ಮುಖ್ಯ ಅಳತೆಪಟ್ಟಿಯ 17 ಮಿಲಿಮೀಟರ್ ಗೆರೆಯನ್ನು ತುಸುವೇ ದಾಟಿ ನಿಂತಿತ್ತು. ವರ್ನಿಯರ್‌ನ ಐದನೆಯ ಗೆರೆ ಮೇಲಿನ ಒಂದು ಗೆರೆಗೆ ನೇರವಾಗಿ ಕೂಡಿತ್ತು. ನನ್ನ ಕ್ಯಾಲಿಪರ್‌ನಲ್ಲಿ ಒಂದೊಂದು ಗೆರೆಗೂ 0.02 ಮಿಲಿಮೀಟರ್ ಬೆಲೆ. ಐದು ಗೆರೆಗೆ 0.10. ಒಟ್ಟು 17.1 ಮಿಲಿಮೀಟರ್. ಅಂದರೆ ಇದು 17ರ ಗಡಿಯಾರ. ಪಟ್ಟಿಗಳನ್ನು ಇಡೀ ಮಿಲಿಮೀಟರ್‌ಗಳ ಲೆಕ್ಕದಲ್ಲಿ ಮಾರುತ್ತಾರೆ. ಗಡಿಯಾರ ಮಾಡುವವರು ಪಟ್ಟಿ ಸಲೀಸಾಗಿ ಹೋಗಲೆಂದು ಅಂತರವನ್ನು ಕೂದಲೆಳೆಯಷ್ಟು ಹೆಚ್ಚು ಬಿಡುತ್ತಾರೆ. 20.1 ಬಂದರೆ 20ರ ಪಟ್ಟಿ, 18.05 ಬಂದರೆ 18ರ ಪಟ್ಟಿ.

ಕ್ಯಾಲಿಪರ್ ಇಲ್ಲದವರು ಶಾಲೆಯ ಸ್ಕೇಲ್ ಹಿಡಿಯುತ್ತಾರೆ. ಅಲ್ಲಿಯೇ ಮೋಸ ಹೋಗುವುದು. ಪ್ಲಾಸ್ಟಿಕ್ ಸ್ಕೇಲ್‌ನ ಸೊನ್ನೆಯ ತುದಿ ಸವೆದಿರುತ್ತದೆ, ಕಣ್ಣು ಓರೆಯಾಗಿ ನೋಡುತ್ತದೆ, ಸ್ಕೇಲ್ ಲಗ್‌ಗಳ ಒಳಗೆ ಇಳಿಯದೆ ಮೇಲೆ ಕೂರುತ್ತದೆ. ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆ ಆಗುವುದು ಸಹಜ. ಲಗ್‌ಗಳ ಒಳ ಅಂಚು ಉರುಟಾಗಿದ್ದರೆ ಮೇಲಿನಿಂದ ನೋಡಿದವರಿಗೆ 17 ಎಂಬುದು 18 ಎಂದು ಕಾಣುತ್ತದೆ. ಅಪ್ಪನಿಗೆ ಪಟ್ಟಿ ಕೊಟ್ಟ ಅಂಗಡಿಯವರು ಮಾಡಿದ್ದೂ ಅದನ್ನೇ ಎಂದು ಕಾಣುತ್ತದೆ. ಪಟ್ಟಿಯ ಹಿಂಬದಿಯಲ್ಲಿ 18 ಎಂದು ಒತ್ತಿತ್ತು.

ಸ್ಕೇಲ್‌ಗಿಂತ ನೆಚ್ಚಬಹುದಾದ ಒಂದು ಮನೆಯ ಉಪಾಯವಿದೆ. ನಮ್ಮ ಶಾಪ್‌ನಲ್ಲಿ ಗೋ–ನೋ ಗೋ ಗೇಜ್ ಎಂಬ ಸಾಧನ ಬಳಸುತ್ತೇವೆ. ಅದು ಎಷ್ಟು ಎಂದು ಹೇಳುವುದಿಲ್ಲ. ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು, ಆಗ ಮಾಲು ಪಾಸು. ಇದನ್ನೇ ಒಂದು ಹಳೆಯ ಲಗ್ನಪತ್ರಿಕೆಯಿಂದ ಮಾಡಿಕೊಳ್ಳಬಹುದು. ಅದರ ದಪ್ಪ ಕಾಗದ ಇದಕ್ಕೆ ಹೇಳಿ ಮಾಡಿಸಿದಂತಿದೆ. ಸ್ಕೇಲ್‌ನ ಸವೆದ ತುದಿಯನ್ನು ಬಿಟ್ಟು 10 ಮಿಲಿಮೀಟರ್ ಗೆರೆಯಿಂದ ಅಳೆಯಲು ಆರಂಭಿಸಿ, ಚೂಪು ಪೆನ್ಸಿಲ್‌ನಿಂದ ಗುರುತು ಮಾಡಿ, 16, 17, 18, 19, 20 ಮಿಲಿಮೀಟರ್ ಅಗಲದ ತುಂಡುಗಳನ್ನು ಬ್ಲೇಡಿನಿಂದ ಕತ್ತರಿಸಿಕೊಳ್ಳಿ. ಒಂದೊಂದನ್ನೇ ಲಗ್‌ಗಳ ನಡುವೆ ಇಳಿಸಿ ನೋಡಿ. 17 ಬಾಗದೆ ಇಳಿದು, 18 ಬಿಲ್ಲಿನಂತೆ ಬಾಗಿದರೆ ಉತ್ತರ 17. ಇಲ್ಲಿ ನೀವು ಗೆರೆ ಓದುವುದಿಲ್ಲ, ಬೆರಳಿಗೆ ತಾಗುವುದನ್ನು ನಂಬುತ್ತೀರಿ. ಅಪ್ಪನ ಗಡಿಯಾರಕ್ಕೆ ಇದನ್ನೂ ಮಾಡಿ ನೋಡಿದೆ. ಕ್ಯಾಲಿಪರ್ ಹೇಳಿದ್ದನ್ನೇ ಕಾಗದವೂ ಹೇಳಿತು.

ಪೇಟೆಯಲ್ಲಿ ಗಂಡಸರ ಪಟ್ಟಿಗಳು ಹೆಚ್ಚಾಗಿ 18, 20, 22ರಲ್ಲಿ ಸಿಗುತ್ತವೆ. ಹೆಂಗಸರ ಗಡಿಯಾರಗಳಿಗೆ 12, 14. ಬೆಸ ಸಂಖ್ಯೆಯವರದ್ದು ಯಾವಾಗಲೂ ಗೋಳು. 17, 19, 21 ಕೇಳಿದರೆ ಅಂಗಡಿಯವರು ತಲೆಯಾಡಿಸಿ ಪಕ್ಕದ ಅಳತೆಯದನ್ನು ಕೊಡುತ್ತಾರೆ. ಚರ್ಮ ಮೆತ್ತಗಿನ ವಸ್ತು, ಒಂದು ಮಿಲಿಮೀಟರ್ ಅಗಲದ್ದನ್ನು ಒತ್ತಿ ತುರುಕಬಹುದು. ಕಬ್ಬಿಣದಂತಹ ಸ್ಟೀಲ್ ಚೈನು ಒತ್ತಿಸಿಕೊಳ್ಳುವುದಿಲ್ಲ, ಗಟ್ಟಿ ರಬ್ಬರ್ ಕೂಡ ಅಷ್ಟೇ.

ಹಾಗಾದರೆ ಗಡಿಯಾರ ಬಿದ್ದದ್ದು 18ರ ಪಟ್ಟಿಯನ್ನು 17ಕ್ಕೆ ತುರುಕಿದ್ದರಿಂದಲೇ? ನಾನೂ ಮೊದಲು ಹಾಗೆಯೇ ಅಂದುಕೊಂಡೆ. ಕಳಚಿದ ಪಿನ್ನನ್ನು ಅಳೆದಾಗ ಕಥೆ ಬೇರೆಯಾಯಿತು.

ಆ ಪಿನ್ನನ್ನು ಒತ್ತದೆ, ಎರಡೂ ತುದಿ ಪೂರ್ತಿ ಹೊರಗಿರುವಾಗ ಅಳೆದೆ. ಕ್ಯಾಲಿಪರ್‌ನ ದೊಡ್ಡ ದವಡೆಗಳ ನಡುವೆ ಹಗುರವಾಗಿ ಹಿಡಿದರೆ 17.6 ಮಿಲಿಮೀಟರ್. ಲಗ್‌ಗಳ ನಡುವಿನ ಅಂತರ 17.1. ಎರಡರ ವ್ಯತ್ಯಾಸ ಅರ್ಧ ಮಿಲಿಮೀಟರ್. ಅಂದರೆ ಇಡೀ ಗಡಿಯಾರವನ್ನು ಆ ಕಡೆ ಹಿಡಿದಿಟ್ಟದ್ದು ಒಟ್ಟು ಅರ್ಧ ಮಿಲಿಮೀಟರ್ ಸ್ಟೀಲ್. ಎರಡೂ ಕಡೆ ಸಮನಾಗಿ ಹಂಚಿದರೆ ಒಂದೊಂದು ಕುಳಿಯಲ್ಲಿ ಕಾಲು ಮಿಲಿಮೀಟರ್, ಎರಡು ಮೂರು ಹಾಳೆ ಕಾಗದದ ದಪ್ಪ. ಅದು ಬಹುಶಃ 16ರ ಗಡಿಯಾರಕ್ಕೆಂದು ಮಾಡಿದ ಪಿನ್. ಯಾರೋ ಎಂದೋ ಕೈಗೆ ಸಿಕ್ಕಿದ್ದನ್ನು ಹಾಕಿದ್ದಾರೆ. ಪಟ್ಟಿ ಬದಲಿಸಿದಾಗಲೂ ಹಳೆಯ ಪಿನ್ನನ್ನೇ ಮತ್ತೆ ಕೂರಿಸಿದ್ದಾರೆ.

ಆದರೆ ಕಾಲು ಮಿಲಿಮೀಟರ್‌ನ ಲೆಕ್ಕವೂ ನಿಜವಲ್ಲ, ನಿಜ ಇದಕ್ಕಿಂತ ಕೆಟ್ಟದ್ದು. ಪಿನ್ನಿನೊಳಗಿನ ಸ್ಪ್ರಿಂಗ್ ಕೆಲಸ ಮಾಡುವುದು ಪಿನ್ ಸ್ವಲ್ಪವಾದರೂ ಒತ್ತಿಕೊಂಡಿರುವವರೆಗೆ. ಆಗ ಅದು ಎರಡೂ ತುದಿಗಳನ್ನು ಕುಳಿಯ ತಳಕ್ಕೆ ದೂಡುತ್ತಲೇ ಇರುತ್ತದೆ. ಗಿಡ್ಡ ಪಿನ್ ಕುಳಿಯೊಳಗೆ ಹೋಗುತ್ತಲೇ ಪೂರ್ತಿ ಬಿಚ್ಚಿಕೊಂಡುಬಿಟ್ಟಿರುತ್ತದೆ. ಸ್ಪ್ರಿಂಗ್‌ಗೆ ಇನ್ನು ದೂಡಲು ಏನೂ ಉಳಿದಿರುವುದಿಲ್ಲ. ಆಗ ಅದು ಸ್ಪ್ರಿಂಗ್ ಪಿನ್ ಅಲ್ಲ, ಎರಡು ಕುಳಿಗಳ ನಡುವೆ ಸಡಿಲವಾಗಿ ಮಲಗಿರುವ ಮೊಳೆ. ಮಣಿಕಟ್ಟು ಅಲ್ಲಾಡಿದಂತೆ ಅದು ಅತ್ತ ಇತ್ತ ಜರುಗುತ್ತದೆ. ಪೂರ್ತಿ ಎಡಕ್ಕೆ ಜರುಗಿದರೆ ಎಡಗಡೆಯ ಕುಳಿಯಲ್ಲಿ ಅರ್ಧ ಮಿಲಿಮೀಟರ್, ಬಲಗಡೆಯ ಕುಳಿಯಲ್ಲಿ ಸೊನ್ನೆ. ಅಪ್ಪ ಹಗ್ಗ ಎಳೆದರೋ ಬಾಗಿಲು ತಳ್ಳಿದರೋ, ಆ ಗಳಿಗೆಯಲ್ಲಿ ಗಡಿಯಾರ ಬೀಳುತ್ತದೆ.

18ರ ಪಟ್ಟಿ ನಿರಪರಾಧಿ ಎಂದಲ್ಲ. ತುರುಕಿದ ಚರ್ಮ ಎರಡೂ ಬದಿಯಲ್ಲಿ ಅರ್ಧರ್ಧ ಮಿಲಿಮೀಟರ್‌ನಷ್ಟು ಮುದುಡಿಕೊಂಡಿತ್ತು. ಅದು ಪಿನ್ನನ್ನು ಒಂದು ಬದಿಗೆ ದೂಡಲು ನೆರವಾಗಿರಬೇಕು, ಮತ್ತು ಕೂರಿಸಿದವರಿಗೆ ಪಿನ್ನಿನ ತುದಿ ಕಾಣದಂತೆ ಮುಚ್ಚಿರಬೇಕು. ಹಳೆಯ ಪಟ್ಟಿ ಇಷ್ಟು ವರ್ಷ ಅದೇ ಗಿಡ್ಡ ಪಿನ್ನಿನಲ್ಲಿ ಹೇಗೆ ನಿಂತಿತ್ತು ಎಂದರೆ, ನನ್ನ ಊಹೆಯಲ್ಲಿ ಬೆವರು ಮತ್ತು ತುಕ್ಕು ಅದನ್ನು ಅಂಟಿಸಿಟ್ಟಿದ್ದವು.

ಇದರಿಂದ ಹೊರಡುವ ನಿಯಮ ಸರಳ. ಪಟ್ಟಿ ಒಂದು ಮಿಲಿಮೀಟರ್ ಹೆಚ್ಚುಕಡಿಮೆ ಇದ್ದರೆ ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೇ. ಪಿನ್ ಮಾತ್ರ ಲಗ್‌ನ ಅಳತೆಯದೇ ಆಗಿರಬೇಕು. 17ರ ಗಡಿಯಾರಕ್ಕೆ 16ರ ಪಟ್ಟಿ ಹಾಕಿದರೂ ಪಿನ್ 17ರದ್ದೋ 18ರದ್ದೋ ಇರಬೇಕು. 16ರ ಪಟ್ಟಿಯ ಜೊತೆ ಉಚಿತವಾಗಿ ಬರುವ 16ರ ಪಿನ್ ಅಲ್ಲ. ಹೊಸ ಪಿನ್ನನ್ನು ಎರಡು ಪ್ರಶ್ನೆ ಕೇಳಿ. ಪೂರ್ತಿ ಒತ್ತಿದಾಗ ಲಗ್ ಅಂತರಕ್ಕಿಂತ ಗಿಡ್ಡವಾಗುತ್ತದೆಯೇ? ಇಲ್ಲದಿದ್ದರೆ ಒಳಗೆ ಹೋಗುವುದೇ ಇಲ್ಲ. ಬಿಟ್ಟಾಗ ಅಂತರಕ್ಕಿಂತ ಒಂದೂವರೆ, ಎರಡು ಮಿಲಿಮೀಟರ್ ಉದ್ದವಾಗುತ್ತದೆಯೇ? ಇಲ್ಲದಿದ್ದರೆ ಅಪ್ಪನ ಪಿನ್ನಿನ ಗತಿ. ನಾನು ತಂದ ಪಿನ್ ಬಿಟ್ಟಾಗ 19.2, ಒತ್ತಿದಾಗ 16ಕ್ಕಿಂತ ಕಡಿಮೆ. 17.1ರ ಅಂತರಕ್ಕೆ ಎರಡೂ ಉತ್ತರ ಹೌದು. ಇದರ ಬೆಲೆ ಒಂದು ಕಪ್ ಚಹಾದ ಆಸುಪಾಸು, ಹಾಗಾಗಿ ಪಟ್ಟಿ ಬದಲಿಸಿದಾಗಲೆಲ್ಲ ಎರಡು ಹೊಸ ಪಿನ್ ಹಾಕುವುದರಲ್ಲಿ ಜಿಪುಣತನ ಬೇಡ.

ಪಿನ್ನಿನ ದಪ್ಪವೂ ಒಂದೇ ಇರುವುದಿಲ್ಲ. ಸಾಮಾನ್ಯವಾಗಿ ಸಿಗುವುದು 1.5 ಅಥವಾ 1.8 ಮಿಲಿಮೀಟರ್‌ನದು. ಸೀಕೋ ಕಂಪನಿಯ ಹಲವು ಮುಳುಗುಗಾರರ ಗಡಿಯಾರಗಳಲ್ಲಿ 2.5ರ ದಪ್ಪ ಪಿನ್ ಇರುತ್ತದೆ, ಅದರ ತುದಿಯೂ ದಪ್ಪ. ಅಲ್ಲಿ ತೆಳು ಪಿನ್ ಹಾಕಿದರೆ ಕುಳಿಯಲ್ಲಿ ಗಡಗಡ ಅಲ್ಲಾಡುತ್ತದೆ.

ಈಗ ಪಟ್ಟಿ. ಖಡೇಬಜಾರ್‌ನ ಉದ್ದಕ್ಕೂ ಕೇಳಿದೆ, ಅಂದು 17ರ ಪಟ್ಟಿ ಸಿಗಲಿಲ್ಲ. 16 ಹಾಕಿದರೆ ಎರಡೂ ಬದಿಗೆ ಸಂದು ಕಾಣುತ್ತದೆ, ಅಪ್ಪನಿಗೆ ಅದು ಹಿಡಿಸುವುದಿಲ್ಲ ಎಂದು ಗೊತ್ತಿತ್ತು. 18ರದ್ದನ್ನೇ ಸರಿಪಡಿಸುವುದೆಂದು ನಿರ್ಧರಿಸಿದೆ. ಆದರೆ ಈಗಾಗಲೇ ಇದ್ದ ಪಟ್ಟಿ ಒಳಗೆ ಮೆತ್ತೆ ಇಟ್ಟು ಅಂಚಿನ ಗುಂಟ ಹೊಲಿದದ್ದು. ಅದರ ಅಂಚು ಕೊರೆದರೆ ಹೊಲಿಗೆಯೇ ಹೋಗುತ್ತದೆ. ಹೊಲಿಗೆಯಿಲ್ಲದ ಒಂದೇ ಪದರದ ಚಪ್ಪಟೆ ಚರ್ಮದ ಪಟ್ಟಿ ತಂದೆ. ನಮ್ಮ ಭಾಗದಲ್ಲಿ ಚರ್ಮದ ಕೆಲಸ ಬಲ್ಲವರಿಗೆ ಕೊರತೆಯಿಲ್ಲ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಸಿಕ್ಕ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳಿಗೂ ಸೇರಿದೆ. ಪರಿಚಯದ ಒಬ್ಬ ಚಪ್ಪಲಿ ಕುಶಲಕರ್ಮಿಯ ಮುಂದೆ ಪಟ್ಟಿಯನ್ನೂ ಲಗ್ನಪತ್ರಿಕೆಯ 17ರ ತುಂಡನ್ನೂ ಇಟ್ಟೆ. ಅವರು ಅಳತೆ ಕೇಳಲೇ ಇಲ್ಲ. ತುಂಡನ್ನು ಪಟ್ಟಿಯ ಮೇಲಿಟ್ಟು, ರಂಪಿಗೆಯಿಂದ ಪಿನ್ ಹೋಗುವ ತುದಿಯಲ್ಲಿ ಒಂದು ಸೆಂಟಿಮೀಟರ್ ಉದ್ದಕ್ಕೆ, ಎರಡೂ ಬದಿಯಲ್ಲಿ ಅರ್ಧರ್ಧ ಮಿಲಿಮೀಟರ್ ಹೆರೆದು, ಅಂಚಿಗೆ ತುಸು ಮೇಣ ಉಜ್ಜಿ ಕೊಟ್ಟರು. "ಇಷ್ಟಕ್ಕೆ ಏನು ಹಣ ಅಣ್ಣಾ" ಎಂದರು. ಮನೆಯಲ್ಲಿ ಮಾಡುವವರು ಸಮತಟ್ಟಾದ ಹಲಗೆಯ ಮೇಲೆ ಮರಳುಕಾಗದ ಇಟ್ಟು ಅಂಚನ್ನು ಉಜ್ಜಿದರೂ ನಡೆಯುತ್ತದೆ, ನಿಧಾನ ಅಷ್ಟೇ.

ಇನ್ನು ಕೂರಿಸುವುದು. ಸ್ಪ್ರಿಂಗ್ ಬಾರ್ ಟೂಲ್ ಎಂದರೆ ಪೆನ್ನಿನಷ್ಟು ಉದ್ದದ ಹಿಡಿಕೆ, ಒಂದು ತುದಿಯಲ್ಲಿ ಸಣ್ಣ ಕವಲು, ಇನ್ನೊಂದರಲ್ಲಿ ಮೊಂಡು ಸೂಜಿ. ಲಗ್‌ನ ಹೊರಮೈವರೆಗೂ ತೂತು ಆರಪಾರ ಇರುವ ಗಡಿಯಾರಗಳಿಗೆ ಸೂಜಿ ಸಾಕು. ಹೊರಗಿನಿಂದ ತುದಿಯನ್ನು ಒತ್ತಿದರೆ ಪಿನ್ ಒಳಗೆ ಸರಿದು ಪಟ್ಟಿ ಕೈಗೆ ಬರುತ್ತದೆ. ತೂತು ಒಳಗಡೆ ಮಾತ್ರ ಇದ್ದರೆ ಕವಲು ಬೇಕು. ಕೊಳ್ಳುವಾಗ ಕವಲು ಎಷ್ಟು ತೆಳುವೋ ಅಷ್ಟು ಒಳ್ಳೆಯದು, ಏಕೆಂದರೆ ಅದು ಚರ್ಮ ಮತ್ತು ಲಗ್‌ನ ನಡುವಿನ ಸಂದಿಯಲ್ಲಿ ಇಳಿಯಬೇಕು. ಚಾಕು, ಸ್ಕ್ರೂಡ್ರೈವರ್, ಹೊಲಿಗೆ ಸೂಜಿ ಎಲ್ಲವನ್ನೂ ಜನ ಬಳಸುತ್ತಾರೆ. ಲಗ್‌ಗಳ ಹಿಂಬದಿಯಲ್ಲಿರುವ ಗೀರುಗಳು ಅದಕ್ಕೆ ಸಾಕ್ಷಿ.

ಪಿನ್ ಚಿಮ್ಮಿದರೆ ಎಲ್ಲಿ ಹೋಯಿತೆಂದು ದೇವರಿಗೇ ಗೊತ್ತು. ಅದಕ್ಕೆ ನಾನು ಅಡುಗೆಮನೆಯಿಂದ ರೊಟ್ಟಿ ಹಿಟ್ಟು ನಾದುವ ಪರಾತ ತಂದು, ಅದರೊಳಗೆ ಹಳೆಯ ಧೋತರದ ಬಟ್ಟೆ ಹಾಸಿ, ಅಲ್ಲಿಯೇ ಕೆಲಸ ಮಾಡುತ್ತೇನೆ. ಚಿಮ್ಮಿದ ಪಿನ್ ಅಂಚಿಗೆ ಬಡಿದು ಟಣ್ ಎಂದು ಒಳಗೇ ಬೀಳುತ್ತದೆ. ಗಡಿಯಾರದ ಮುಖ ಬಟ್ಟೆಯ ಮೇಲೆ ಕೆಳಗೆ, ಬೆನ್ನು ಮೇಲೆ. ಕೆಲಸ ನಡೆಯುವುದೆಲ್ಲ ಹಿಂಬದಿಯಿಂದಲೇ, ಗೀರು ಬಿದ್ದರೂ ಎದುರಿಗೆ ಕಾಣದಿರಲೆಂದು. ಅದೂ ಬೇಡವೆನ್ನುವವರು ಲಗ್‌ಗಳಿಗೆ ಒಂದು ಸುತ್ತು ಸೆಲ್ಲೋಟೇಪ್ ಅಂಟಿಸಿಕೊಳ್ಳಲಿ.

ತೆಗೆಯುವಾಗ ಕವಲನ್ನು ಪಟ್ಟಿಯ ಅಂಚು ಮತ್ತು ಲಗ್‌ನ ನಡುವೆ ಇಳಿಸಿ ತಡಕಿದರೆ ಪಿನ್ನಿನ ಭುಜ ಗಟ್ಟಿಯಾಗಿ ತಾಗುತ್ತದೆ. ಕವಲು ಭುಜದ ಲಗ್ ಕಡೆಯ ಬದಿಯಲ್ಲಿ ಕೂರಬೇಕು. ಆಮೇಲೆ ಎರಡು ಚಲನೆ. ಮೊದಲು ಪಿನ್ನಿನ ಉದ್ದಕ್ಕೇ, ಪಟ್ಟಿಯ ನಡುವಿನ ಕಡೆಗೆ ಎಳೆಯುವುದು. ಅದು ಒಳಗೆ ಸರಿದದ್ದು ಬೆರಳಿಗೆ ತಿಳಿಯುತ್ತದೆ. ಆ ಒತ್ತಡ ಬಿಡದೆಯೇ ಪಟ್ಟಿಯ ಆ ಬದಿಯನ್ನು ತುಸು ಮೇಲಕ್ಕೆ ಎತ್ತುವುದು ಎರಡನೆಯದು. ಹೊಸಬರು ಮೊದಲನೆಯದನ್ನು ಬಿಟ್ಟು ನೇರ ಎರಡನೆಯದಕ್ಕೆ ಹೋಗುತ್ತಾರೆ, ಟೂಲನ್ನು ಲಗ್‌ಗೆ ಆನಿಸಿ ಹಾರೆಯಂತೆ ಮೀಟುತ್ತಾರೆ. ಪಿನ್ ಬಾಗುವುದು ಹಾಗೆಯೇ. ಬಾಗಿದೆಯೋ ಇಲ್ಲವೋ ಎಂಬ ಸಂಶಯವಿದ್ದರೆ ಕನ್ನಡಿಯ ಮೇಲೆ ಉರುಳಿಸಿ ನೋಡಿ, ಬಾಗಿದ್ದು ಕುಂಟುತ್ತಾ ಉರುಳುತ್ತದೆ.

ಕೂರಿಸುವಾಗ ಬಕಲ್ ಇರುವ ಗಿಡ್ಡ ತುಂಡು ಹನ್ನೆರಡರ ಕಡೆ, ತೂತುಗಳಿರುವ ಉದ್ದ ತುಂಡು ಆರರ ಕಡೆ. ಪಿನ್ನನ್ನು ಪಟ್ಟಿಯ ತೂಬಿನಲ್ಲಿ ಹಾಕಿ, ಒಂದು ತುದಿಯನ್ನು ದೂರದ ಲಗ್‌ನ ಕುಳಿಗೆ ಓರೆಯಾಗಿ ಇಳಿಸಿ. ಹತ್ತಿರದ ತುದಿಯ ಭುಜವನ್ನು ಕವಲಿನಿಂದ ಒತ್ತಿ ಹಿಡಿದು, ಪಟ್ಟಿಯನ್ನು ಎರಡೂ ಲಗ್‌ಗಳ ನಡುವೆ ತಂದು, ತುದಿಯನ್ನು ಲಗ್‌ನ ಒಳಮೈ ಗುಂಟ ಜಾರಿಸುತ್ತಾ ಕುಳಿ ಹುಡುಕಿ. ಸಿಕ್ಕಾಗ ಟಿಕ್ ಎನ್ನುತ್ತದೆ. ಸದ್ದು ಕೇಳಿಸಿತೆಂದು ಬಿಡಬೇಡಿ, ಭುಜ ಕುಳಿಯ ಅಂಚಿಗೆ ಸಿಕ್ಕಿಕೊಂಡರೂ ಸದ್ದು ಬರುತ್ತದೆ. ಟೂಲನ್ನು ತೆಗೆದು ಪಟ್ಟಿಯನ್ನು ಎಡಬಲಕ್ಕೆ ತುಸು ಅಲ್ಲಾಡಿಸಿ. ಒಂದು ಬದಿಯ ಸಂದು ಇನ್ನೊಂದಕ್ಕಿಂತ ದೊಡ್ಡದಾಗಿದ್ದರೆ, ಅಥವಾ ಪಟ್ಟಿಯ ಒಂದು ಮೂಲೆ ಎದ್ದು ನಿಂತಿದ್ದರೆ, ಆ ಬದಿಯ ತುದಿ ಕುಳಿಯಲ್ಲಿಲ್ಲ. ಎಲ್ಲ ಸರಿ ಕಂಡರೆ ಪರಾತದ ಮೇಲೆಯೇ ಗಡಿಯಾರವನ್ನು ಒಂದು ಕೈಯಲ್ಲಿ ಹಿಡಿದು ಪಟ್ಟಿಯನ್ನು ಚೆನ್ನಾಗಿ ಜಗ್ಗಿ. ನೇರವಾಗಿ ಒಮ್ಮೆ, ಬೆನ್ನ ಕಡೆಗೆ ಮಡಚಿ ಒಮ್ಮೆ, ಎರಡೂ ಬದಿಗೆ ತಿರುಚಿ ಒಮ್ಮೆ. ಬೀಳುವುದಿದ್ದರೆ ಬಟ್ಟೆಯ ಮೇಲೆಯೇ ಬೀಳಲಿ.

ಈಚೆಗೆ ಬರುವ ಎಷ್ಟೋ ಪಟ್ಟಿಗಳಲ್ಲಿ ಪಿನ್ನಿಗೇ ಒಂದು ಪುಟ್ಟ ಗುಬುಟು ಇರುತ್ತದೆ, ಉಗುರಿನಿಂದ ಸರಿಸಿದರೆ ಕಳಚುತ್ತದೆ, ಟೂಲ್ ಬೇಡ. ಅನುಕೂಲ ನಿಜ, ಆದರೆ ಅಳತೆಯ ನಿಯಮ ಅದಕ್ಕೂ ಒಂದೇ, ಮತ್ತು ಅಲ್ಲಿ ಪಿನ್ ಪಟ್ಟಿಯ ಅಳತೆಯದೇ ಬರುವುದರಿಂದ ಬೆಸ ಸಂಖ್ಯೆಯ ಗಡಿಯಾರಕ್ಕೆ ಅದು ಇನ್ನೂ ಅಪಾಯ. ಪಟ್ಟಿಯೂ ಡಬ್ಬಿಯೂ ಒಂದಕ್ಕೊಂದು ಹಲ್ಲು ಕಚ್ಚಿದಂತೆ ಅಚ್ಚು ಹಾಕಿರುವ ಪ್ಲಾಸ್ಟಿಕ್ ಗಡಿಯಾರಗಳಿಗೆ, ಲಗ್‌ಗಳ ನಡುವೆ ಬೆಸುಗೆ ಹಾಕಿದ ಕಡ್ಡಿ ಇರುವುದಕ್ಕೆ, ಸ್ಕ್ರೂ ಇರುವುದಕ್ಕೆ ಮೇಲೆ ಹೇಳಿದ್ದು ಯಾವುದೂ ಹೊಂದುವುದಿಲ್ಲ. ಮೀಟುವ ಮೊದಲು ಭೂತಗನ್ನಡಿ ಹಿಡಿದು ಲಗ್‌ನ ಹೊರಬದಿಯಲ್ಲಿ ಸ್ಕ್ರೂವಿನ ಗೆರೆ ಇದೆಯೇ ನೋಡಿಕೊಳ್ಳಿ.

ಅಪ್ಪ ಗಡಿಯಾರ ಕಟ್ಟಿಕೊಂಡು, ಕೀಲಿ ಕೊಟ್ಟು, ಕಿವಿಗೆ ಹಿಡಿದು ನೋಡಿದರು. "ಪಟ್ಟಿ ಮೊದಲಿನದೇ ಚೆನ್ನಾಗಿತ್ತು, ಹೊಳೆಯುತ್ತಿತ್ತು" ಎಂದರು. ನಾನು 17.6ರ ಆ ಹಳೆಯ ಪಿನ್ನನ್ನು ಮೊಳೆ, ಸ್ಕ್ರೂಗಳ ಡಬ್ಬಿಗೆ ಹಾಕಲು ಹೋಗಿ ನಿಂತೆ. ಅಲ್ಲಿ ಬಿದ್ದರೆ ಮುಂದೊಂದು ದಿನ ಯಾರಾದರೂ ಅದನ್ನೇ ಎತ್ತಿ ಯಾವುದೋ ಗಡಿಯಾರಕ್ಕೆ ಹಾಕುತ್ತಾರೆ. ಇಕ್ಕಳ ತೆಗೆದು ಅದನ್ನು ನಡುವೆ ಮಡಚಿ ಕಸಕ್ಕೆ ಹಾಕಿದೆ.